ಒಂದೇ ಸಲ ಒತ್ತಿದ ಕೀ

ಬಿಡದಿ ಕೈಗಾರಿಕಾ ಪ್ರದೇಶದ ಒಳರಸ್ತೆಯಲ್ಲಿ, ಕಾರಿನ ಬಿಡಿಭಾಗ ಮಾಡುವ ಎರಡು ಶೆಡ್‌ಗಳ ನಡುವೆ, ನಮ್ಮದು ಕೀಬೋರ್ಡ್ ಜೋಡಿಸುವ ಸಣ್ಣ ಘಟಕ. ಕೀಬೋರ್ಡಿನೊಳಗಿನ ಚಿಪ್ಪಿಗೆ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಮಾಗಡಿಯಿಂದ ದಿನಾ ಬಸ್ಸಿನಲ್ಲಿ ಬಂದುಹೋಗುತ್ತಿದ್ದೆ. ಆ ಘಟಕದಲ್ಲಿ ಇಂಜಿನಿಯರಿಂಗ್ ಓದಿದ್ದ ಹೆಂಗಸು ನಾನೊಬ್ಬಳೇ. ಆ ಹೆಮ್ಮೆ ನನಗೆ ಸಾಕಷ್ಟಿತ್ತು.

ಆಗ ರಾಮನಗರದ ಸೈಬರ್ ಸೆಂಟರ್‌ಗಳಲ್ಲಿ ಹುಡುಗರು ತಂಡ ಕಟ್ಟಿಕೊಂಡು ಗುಂಡು ಹಾರಿಸುವ ಆಟಗಳನ್ನು ಪಂದ್ಯವಾಗಿ ಆಡಲು ಶುರುಮಾಡಿದ್ದರು. ಅಂಥವರಿಗೆಂದೇ ಒಂದು ಕೀಬೋರ್ಡ್ ಮಾಡೋಣ ಎಂದರು ನಮ್ಮ ಮಾಲೀಕರು. ‘ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಆಗ್ಬೇಕಮ್ಮಾ, ಬೆರಳು ತಾಗಿದ್ದೇ ತಡ ಕಂಪ್ಯೂಟರಿಗೆ ಗೊತ್ತಾಗ್ಬೇಕು’ ಎಂಬುದಷ್ಟೇ ಅವರ ಬೇಡಿಕೆ.

ತಡವಾಗುವುದು ಮುಖ್ಯವಾಗಿ ಎರಡು ಕಡೆ. ಮಾಮೂಲಿ ಕೀಬೋರ್ಡನ್ನು ಕಂಪ್ಯೂಟರು ಎಂಟು ಮಿಲಿಸೆಕೆಂಡಿಗೊಮ್ಮೆ ‘ಏನಾದರೂ ಒತ್ತಿದರಾ’ ಎಂದು ಕೇಳುತ್ತದೆ. ಅದು ಕೇಳುವವರೆಗೆ ಕೀಬೋರ್ಡ್ ಬಾಯಿ ಬಿಡುವಂತಿಲ್ಲ. ಪೋಲಿಂಗ್ ಎಂದರೆ ಇದೇ. ಬೇರೆ ಚಿಪ್ ಹಾಕಿ, ಮಿಲಿಸೆಕೆಂಡಿಗೊಮ್ಮೆ ಕೇಳುವಂತೆ ಮಾಡಿದೆ. ಇನ್ನೊಂದು ಡಿಬೌನ್ಸ್. ಕೀ ಒತ್ತಿದಾಗ ಒಳಗಿನ ಎರಡು ಸಂಪರ್ಕಗಳು ಒಂದೇ ಏಟಿಗೆ ಕೂಡಿಕೊಳ್ಳುವುದಿಲ್ಲ. ತಾಗಿ, ಪುಟಿದು, ಮತ್ತೆ ತಾಗಿ ಆಮೇಲೆ ನಿಲ್ಲುತ್ತವೆ. ಆ ಪುಟಿತವನ್ನೂ ಒತ್ತು ಎಂದು ಎಣಿಸಿಬಿಟ್ಟರೆ ಒಂದು ಅಕ್ಷರ ಎರಡಾಗುತ್ತದೆ. ಹಾಗಾಗಿ ಪ್ರೋಗ್ರಾಂ ಒಸಿ ಹೊತ್ತು ಕಾದು, ಸಂಪರ್ಕ ನಿಂತಿತೆಂದು ಖಾತ್ರಿಯಾದ ಮೇಲೆ ಸುದ್ದಿ ಕಳಿಸುತ್ತದೆ. ನಮ್ಮದು ಇಪ್ಪತ್ತು ಮಿಲಿಸೆಕೆಂಡು ಕಾಯುತ್ತಿತ್ತು. ನಾನು ಅದನ್ನು ಮೂರಕ್ಕೆ ಇಳಿಸಿದೆ.

ಹೊಸ ಕೀಬೋರ್ಡುಗಳಲ್ಲಿ ಪುಟಿತ ಎರಡು ಮಿಲಿಸೆಕೆಂಡಿನೊಳಗೆ ನಿಲ್ಲುತ್ತಿತ್ತು. ಪರೀಕ್ಷಾ ವಿಭಾಗದ ಹಿರಿಯರೊಬ್ಬರು, ‘ಹೊಸದ್ರಲ್ಲಿ ಸರಿ. ಸವೆದ ಮೇಲೆ? ಕೀನ ಲಕ್ಷಗಟ್ಲೆ ಸಲ ಒತ್ತೋ ಮಿಷನ್ನಿಗೆ ಹಾಕಿ ಒಂದ್ ತಿಂಗಳು ಓಡ್ಸಿ ನೋಡಮ್ಮ’ ಎಂದರು. ಮಾಲೀಕರು ಅವಸರದಲ್ಲಿದ್ದರು ಎಂದು ಬಹಳ ಕಾಲ ಹೇಳಿಕೊಂಡೆ. ನಿಜವೆಂದರೆ ಅವಸರ ನನ್ನದೇ. ಮಿಷನ್ನಿಗೆ ಹಾಕಲಿಲ್ಲ.

ಮೊದಲು ಕೊಂಡವರಲ್ಲಿ ಕೈಲಾಂಚದ ಕಡೆಯವನೊಬ್ಬನಿದ್ದ. ಬಿಡದಿಯಲ್ಲೇ ಲೇತ್ ಮೇಲೆ ಶಿಫ್ಟ್ ಕೆಲಸ. ರಜೆ ಸಿಕ್ಕಾಗ ರಾಮನಗರದ ಸೈಬರ್ ಸೆಂಟರಿನಲ್ಲಿ ಆಟ. ವಯಸ್ಸು ಇಪ್ಪತ್ತನಾಲ್ಕಿರಬಹುದು. ನಮ್ಮ ಘಟಕಕ್ಕೇ ಬಂದು, ‘ಮೇಡಂ, ಇದ್ರಲ್ಲಿ ಒತ್ತಿದ್ರೆ ಕೈಯಲ್ಲೇ ಬಂದೂಕ ಇದ್ದಂಗೈತೆ’ ಎಂದು ಹೇಳಿಹೋಗಿದ್ದ. ಆ ಮಾತನ್ನು ನಾನು ಮನೆಯಲ್ಲಿ ಎರಡು ಸಲ ಹೇಳಿದ್ದೆ.

ಏಳೆಂಟು ತಿಂಗಳ ನಂತರ, ಒಂದು ಭಾನುವಾರ, ರಾಮನಗರದ ಸಭಾಂಗಣವೊಂದರಲ್ಲಿ ಪಂದ್ಯ ಏರ್ಪಾಡಾಯಿತು. ನಮ್ಮ ಘಟಕವೇ ಪ್ರಾಯೋಜಕರು, ನಾನು ತಾಂತ್ರಿಕ ತೀರ್ಪುಗಾರ್ತಿ. ಆಟಗಾರರು ತಮ್ಮ ಕೀಬೋರ್ಡ್ ತರಬಹುದಿತ್ತು. ಅವನು ನಮ್ಮದನ್ನೇ ತಂದಿದ್ದ. ಸತತ ಬಳಕೆಯಿಂದ ಕೀಗಳ ಮೇಲಿನ ಅಕ್ಷರಗಳೇ ಅಳಿಸಿಹೋಗಿದ್ದವು.

ಮಧ್ಯಾಹ್ನದ ಆಟದಲ್ಲಿ ಎದುರಾಳಿ ತಂಡದವರು ಎದ್ದು ಗಲಾಟೆ ಮಾಡಿದರು. ಆ ಆಟದಲ್ಲಿ ಕುಗ್ಗಿ ಕೂರುವ ಕೀಯನ್ನು ಥಟ್ಟನೆ ಎರಡು ಸಲ ಒತ್ತಿದರೆ ಹೆಜ್ಜೆಯ ಸದ್ದಾಗದಂತೆ ಮುಂದೆ ಸರಿಯಬಹುದು. ಇವನು ಪದೇಪದೇ ಹಾಗೆ ಸರಿಯುತ್ತಿದ್ದಾನೆ, ಏನೋ ಕಳ್ಳಾಟ ಇದೆ ಎಂಬುದು ಅವರ ದೂರು. ನಾನು ಕೀ ಒತ್ತುಗಳನ್ನು ದಾಖಲಿಸುವ ಪ್ರೋಗ್ರಾಂ ಹಾಕಿ ಆ ಕೀಯನ್ನು ಒತ್ತಲು ಹೇಳಿದೆ. ಐದಾರು ಸಲಕ್ಕೊಮ್ಮೆ ದಾಖಲೆಯಲ್ಲಿ ಒತ್ತು, ಬಿಡು, ಮತ್ತೆ ಒತ್ತು ಎಂದು ಬಂತು; ಎಲ್ಲ ಹನ್ನೆರಡು ಮಿಲಿಸೆಕೆಂಡಿನೊಳಗೆ. ಯಾವ ಬೆರಳಿಗೂ ಅದು ಸಾಧ್ಯವಿಲ್ಲ.

‘ಇದು ಕೈಯಿಂದ ಆಗೋದಲ್ಲ’ ಎಂದೆ. ‘ಕೀಬೋರ್ಡಿನ ಮೆಮೊರಿಲಿ ಏನೋ ಕೂರಿಸಿದೀರ.’ ಒಂದು ಸಲ ಒತ್ತಿದರೆ ಎರಡು ಒತ್ತು ಹೋಗುವಂತೆ ಮೊದಲೇ ಬರೆದಿಡುವ ಸೌಲಭ್ಯವೂ ನಮ್ಮ ಕೀಬೋರ್ಡಿನಲ್ಲಿತ್ತು.

ಅವನು ಕುರ್ಚಿಯಿಂದ ಎದ್ದು ನಿಂತ. ‘ಮೇಡಂ, ನಾನು ಒಂದೇ ಸಲ ಒತ್ತಿದ್ದು. ಅದೆಲ್ಲ ಕೂರ್ಸೋಕೆ ನಂಗೆ ಬರಾಕಿಲ್ಲ. ಕೀಬೋರ್ಡ್ ನಿಮ್ದೇ ಅಲ್ವಾ, ನೀವೇ ನೋಡಿ.’

ಆ ಕ್ಷಣ ನನಗೆ ತಿಳಿಯಿತು. ಪೂರ್ತಿ ಅಲ್ಲ, ಆದರೆ ಆ ಮೂರು ಮಿಲಿಸೆಕೆಂಡು ನೆನಪಾಯಿತು. ಮಿಷನ್ನಿಗೆ ಹಾಕು ಎಂದಿದ್ದ ಹಿರಿಯರ ಮುಖ ಕಣ್ಣ ಮುಂದೆ ಬಂತು. ಮೆಮೊರಿ ತೆರೆದು ನೋಡಲು ಒಂದು ನಿಮಿಷ ಸಾಕಿತ್ತು. ಆದರೆ ಪಕ್ಕದಲ್ಲಿ ಮಾಲೀಕರು ನಿಂತಿದ್ದರು. ಹಿಂದೆ ನಮ್ಮ ಕೀಬೋರ್ಡಿನ ದೊಡ್ಡ ಬ್ಯಾನರ್. ಸುತ್ತ ಐವತ್ತು ಜನ.

‘ಆಮೇಲೆ ನೋಡ್ತೀನಿ. ಈಗ ನೀವು ಆಡೋ ಹಾಗಿಲ್ಲ’ ಎಂದೆ.

ಎದುರಾಳಿ ತಂಡದವನೊಬ್ಬ, ‘ಕಳ್ ನನ್ಮಗ ಕಣ್ಲಾ ಇವ್ನು’ ಎಂದು ಕೂಗಿದ. ಎಲ್ಲರೂ ನಕ್ಕರು. ಅವನು ತಿರುಗಿ ನೋಡಲಿಲ್ಲ. ಕೀಬೋರ್ಡ್ ಮೇಜಿನ ಮೇಲೇ ಬಿಟ್ಟು ಹೊರಗೆ ಹೋದ. ಗಾಡಿ ಒದೆಯುವ ಸದ್ದು ಎರಡು ಮೂರು ಸಲ ಕೇಳಿಸಿತು, ಆಮೇಲೆ ಸ್ಟಾರ್ಟ್ ಆಯಿತು.

ಸೋಮವಾರ ಬೆಳಗ್ಗೆ ಯಾರೂ ಬರುವ ಮೊದಲೇ ಆ ಕೀಬೋರ್ಡನ್ನು ಬೆಂಚಿನ ಮೇಲಿಟ್ಟೆ. ಮೆಮೊರಿ ಖಾಲಿ. ಸಂಪರ್ಕಕ್ಕೆ, ವಿದ್ಯುತ್ತಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ತಗುಲಿಸಿ ಆ ಕೀಯನ್ನು ಒತ್ತಿದೆ. ಸಂಪರ್ಕ ತಾಗಿದ್ದೇ ಪರದೆಯ ಮೇಲೆ ಗೆರೆ ಇಳಿಯಿತು, ನಾಲ್ಕೈದು ಮಿಲಿಸೆಕೆಂಡು ನಿಂತಿತು, ಸಂಪರ್ಕ ಬಿಟ್ಟುಕೊಂಡು ಮೇಲೆ ಹಾರಿ ಅಷ್ಟೇ ಹೊತ್ತು ನಿಂತಿತು, ಮತ್ತೆ ಇಳಿಯಿತು. ಸವೆದ ಸಂಪರ್ಕ. ಇಪ್ಪತ್ತು ಮಿಲಿಸೆಕೆಂಡು ಕಾಯುತ್ತಿದ್ದ ಹಳೆಯ ಪ್ರೋಗ್ರಾಂ ಇದನ್ನು ನುಂಗಿಕೊಳ್ಳುತ್ತಿತ್ತು. ನನ್ನದು ಎರಡು ಒತ್ತು ಎಂದು ಸಾರಿ ಹೇಳಿತ್ತು.

ಸರಿಪಡಿಸಲು ಅರ್ಧ ದಿನ ಸಾಕಾಯಿತು. ಮೊದಲ ಸ್ಪರ್ಶಕ್ಕೇ ಸುದ್ದಿ ಕಳಿಸಿಬಿಡುವುದು, ಆಮೇಲೆ ಇಪ್ಪತ್ತು ಮಿಲಿಸೆಕೆಂಡು ಆ ಕೀ ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳದಿರುವುದು. ಒತ್ತು ಮೊದಲಿಗಿಂತ ಬೇಗ ತಲುಪುತ್ತದೆ, ಎರಡಾಗುವುದೂ ಇಲ್ಲ. ಮೊದಲೇ ಯೋಚಿಸಿದ್ದರೆ ಮೊದಲೇ ಹೊಳೆಯುತ್ತಿತ್ತು. ಮಾಲೀಕರಿಗೆ ತೋರಿಸಿದೆ. ‘ಡಬ್ಬದ ಮೇಲೆ ಇನ್ನೂ ವೇಗ ಅಂತ ಬರ್ಸಿ ಕಳಿಸೋಣ’ ಎಂದರು. ‘ಆ ಹುಡುಗ?’ ಎಂದೆ. ‘ಯಾವ ಹುಡುಗ?’ ಎಂದರು.

ಮೂರು ವಾರ ತಡೆದು, ಹೊಸ ಪ್ರೋಗ್ರಾಂ ತುಂಬಿದ ಅವನ ಕೀಬೋರ್ಡ್ ಹಿಡಿದುಕೊಂಡು ಕೈಲಾಂಚದ ಬಸ್ಸು ಹತ್ತಿದೆ. ಮನೆ ಹುಡುಕಿಕೊಂಡು ಹೋದಾಗ ಅವನು ಜಗಲಿಯ ಮೇಲೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದ. ಅವನ ತಾಯಿ ನನ್ನನ್ನು ಫ್ಯಾಕ್ಟರಿಯ ಆಫೀಸರೆಂದು ತಿಳಿದು ಚಾಪೆ ಹಾಸಿ ಮಜ್ಜಿಗೆ ಕೊಟ್ಟರು. ನಾನು ಎಲ್ಲ ಹೇಳಿದೆ: ಮೂರು ಮಿಲಿಸೆಕೆಂಡು, ಸವೆದ ಸಂಪರ್ಕ, ಖಾಲಿ ಮೆಮೊರಿ.

ಅವನು ಕುಡುಗೋಲು ಕೆಳಗಿಟ್ಟ. ‘ಅವತ್ತೇ ಗೊತ್ತಿತ್ತಾ ಮೇಡಂ?’

‘ಇಲ್ಲ, ಮಾರನೇ ದಿನ ಗೊತ್ತಾಯ್ತು’ ಎಂದೆ.

ಅವನು ನನ್ನ ಮುಖ ನೋಡಿದ. ‘ನಂಗೆ ಹೇಳಿ ಏನ್ ಬಂತು? ನಾನು ಮಾಡಿಲ್ಲ ಅಂತ ನಂಗೆ ಗೊತ್ತೇ ಐತಲ್ಲ. ಸೈಬರ್ ಸೆಂಟರ್‌ನೋರಿಗೆ ಹೇಳಿ. ಅಲ್ಲಿಗೆ ಹೋದ್ರೆ ಇವತ್ತಿಗೂ ಆಡ್ಕತಾರೆ.’

ಮುಂದಿನ ಭಾನುವಾರ ಹೋದೆ. ಹತ್ತು ಹನ್ನೆರಡು ಜನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆಡುತ್ತಿದ್ದರು. ಅಂಗಡಿಯವನು ಕೂಗಿ ಕರೆದ ಮೇಲೆ ನಾಲ್ಕು ಜನ ತಿರುಗಿದರು. ‘ಅವತ್ತು ಪಂದ್ಯದಲ್ಲಿ ನಾನು ತಡೆದ ಕೈಲಾಂಚದವರದು ತಪ್ಪಿಲ್ಲ, ಕೀಬೋರ್ಡಿನ ದೋಷ’ ಎಂದೆ. ‘ನನ್ನ ದೋಷ’ ಎನ್ನಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡೇ ಬಂದಿದ್ದೆ. ಬಾಯಿಗೆ ಬಂದದ್ದು ಕೀಬೋರ್ಡಿನ ಹೆಸರು. ‘ಹೌದಾ’ ಎಂದು ಒಬ್ಬ ಮತ್ತೆ ಪರದೆಗೆ ತಿರುಗಿದ. ಕೈಲಾಂಚದ ಹುಡುಗನ ಜಾಗಕ್ಕೆ ಅವನ ತಂಡದಲ್ಲಿ ಆಗಲೇ ಬೇರೆಯವನು ಸೇರಿದ್ದ.

ಅವನು ಮತ್ತೆ ಪಂದ್ಯಕ್ಕೆ ಬಂದದ್ದು ನಾನು ಕಾಣೆ. ಬಿಡದಿ ಬಸ್ ನಿಲ್ದಾಣದಲ್ಲಿ ಶಿಫ್ಟ್ ಮುಗಿಸಿ ಬರುವಾಗ ಒಂದೆರಡು ಸಲ ಸಿಕ್ಕ. ‘ಚೆನ್ನಾಗಿದೀರಾ ಮೇಡಂ’ ಎಂದು ಅವನೇ ಮೊದಲು ಕೇಳುತ್ತಿದ್ದ. ಜಗಲಿಯ ಮೇಲೆ ನಾನು ಆಡಿದ ಸುಳ್ಳು ಅವನಿಗೆ ಆಗಲೇ ತಿಳಿದಿತ್ತೆಂದು ನನಗನ್ನಿಸುತ್ತದೆ. ನಾನು ಚೆನ್ನಾಗಿದೀನಿ ಎಂದು ಹೇಳಿ, ಯಾವ ಊರಿನದೆಂದು ನೋಡದೆ ಮುಂದೆ ಬಂದ ಬಸ್ಸು ಹತ್ತಿಬಿಡುತ್ತಿದ್ದೆ.