ಮೂರು ಅಂಕದ ತಪ್ಪು

ಹುಣಸೂರಿನ ಹೊಗೆಸೊಪ್ಪಿನ ಗೋದಾಮಿನಲ್ಲಿ ನಾನು ಗೇಟು ಕಾಯುತ್ತಿದ್ದೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ಅದೇ ದೊಡ್ಡ ಕೆಲಸ. ಚಾವಣಿ ಶೀಟು, ವೈರು, ಪಂಪು, ಚರಂಡಿ ರಿಪೇರಿಗೆ ಹೊರಗಿನವರು ಬಂದರೆ, ಹೇಳಿಕಳಿಸಿದ ಹೊತ್ತು, ಬಂದ ಹೊತ್ತು ಎರಡನ್ನೂ ಗೇಟಿನ ಪುಸ್ತಕದಲ್ಲಿ ಬರೆಯುವುದು ನನ್ನ ಪಾಲಿನದು.

ನನ್ನ ತಮ್ಮನೂ ರಿಪೇರಿ ಮಾಡುತ್ತಿದ್ದ. ಹೇಳಿಕಳಿಸಿದ ಅರ್ಧ ಗಂಟೆಯಲ್ಲಿ ಸೈಕಲ್ ತುಳಿದು ಬರುತ್ತಿದ್ದ. ನಮ್ಮವನೇ ತಾನೇ ಎಂದು ನಾನು ಬರೆಯುತ್ತಿರಲಿಲ್ಲ.

ಒಂದು ವರ್ಷ ಮ್ಯಾನೇಜರ್ ಸಾಹೇಬರು, ಇಡೀ ಗೋದಾಮಿನ ರಿಪೇರಿ ಕೆಲಸ ಒಬ್ಬನೇ ಕಂಟ್ರಾಕ್ಟರಿಗೆ ಕೊಡೋಣ ಎಂದರು. ಅರ್ಜಿ ಹಾಕಿದವರು ಮೂವರು: ಮೈಸೂರಿನವರೊಬ್ಬರು, ಕೆ.ಆರ್. ನಗರದವರೊಬ್ಬರು, ನನ್ನ ತಮ್ಮ. ಅವನು ನನ್ನ ತಮ್ಮನೆಂಬುದು ಸಾಹೇಬರಿಗೆ ತಿಳಿದಿರಲಿಲ್ಲ. ನಾನೂ ಹೇಳಲಿಲ್ಲ. ಹೇಳಿದರೆ ಅವನ ಅರ್ಜಿಯನ್ನೇ ಪಕ್ಕಕ್ಕಿಟ್ಟಾರೆಂದು ಹೆದರಿಕೆ.

ಸಾಹೇಬರು ಕಾಗದದ ಮೇಲೆ ಗೆರೆ ಎಳೆದರು. ಕೆಲಸದ ಅನುಭವದ ತೂಕ ನಾಲ್ಕು, ಕರೆದಾಗ ಬರುವುದರ ತೂಕ ಮೂರು, ರೇಟಿನ ತೂಕ ಮೂರು. ಪ್ರತಿಯೊಂದಕ್ಕೂ ಐದರೊಳಗೆ ಅಂಕ ಕೊಟ್ಟು, ತೂಕದಿಂದ ಗುಣಿಸಿ ಕೂಡಿಸಬೇಕು. ಅನುಭವಕ್ಕೆ ಮೈಸೂರಿನವರಿಗೂ ತಮ್ಮನಿಗೂ ನಾಲ್ಕು. ರೇಟಿಗೆ ಅವರಿಗೆ ನಾಲ್ಕು, ಇವನಿಗೆ ಮೂರು. ಕೆ.ಆರ್. ನಗರದವರ ರೇಟು ಎಲ್ಲರಿಗಿಂತ ಕಮ್ಮಿ, ಆದರೆ ಅನುಭವಕ್ಕೆ ಎರಡೇ ಸಿಕ್ಕಿ ಅವರು ಹಿಂದುಳಿದರು.

ಉಳಿದದ್ದು ಕರೆದಾಗ ಬರುವುದು. ಮೈಸೂರಿನವರ ಲೆಕ್ಕ ಪುಸ್ತಕದಲ್ಲಿತ್ತು, ಅವರಿಗೆ ಮೂರು ಬಿತ್ತು. ತಮ್ಮ ಬಂದದ್ದು ಎರಡೇ ಸಲ ದಾಖಲಾಗಿತ್ತು, ಅದೂ ನಾನು ರಜೆಯಲ್ಲಿದ್ದಾಗ ಬದಲಿ ಕಾವಲುಗಾರ ಬರೆದದ್ದು. ಅದರಲ್ಲೊಂದು ದಿನ ಮಳೆಗೆ ತಡವಾಗಿತ್ತು.

"ಗೇಟಲ್ಲಿರೋನು ನೀನು. ಇವನು ಹೇಗೆ ಬರ್ತಾನಯ್ಯಾ?" ಎಂದರು ಸಾಹೇಬರು.

ಐದು ಕೊಡಿ ಎಂದರೆ, ಯಾಕೆ ಬರೆದಿಲ್ಲ ಎಂದು ಕೇಳುತ್ತಾರೆ. ನಂಟು ಹೊರಬಿದ್ದರೆ ನನ್ನ ಕೆಲಸವೂ ಹೋಗುತ್ತದೆ.

"ಪುಸ್ತಕದಲ್ಲಿ ಇದ್ದಂಗೇ ಹಾಕ್ಬುಡಿ ಸ್ವಾಮಿ," ಎಂದೆ.

ಮೂರು ಹಾಕಿದರು. ತಮ್ಮನಿಗೆ ಮೂವತ್ತನಾಲ್ಕು, ಮೈಸೂರಿನವರಿಗೆ ಮೂವತ್ತೇಳು. ಐದು ಬಿದ್ದಿದ್ದರೆ ಅವನದು ನಲವತ್ತಾಗುತ್ತಿತ್ತು. ಅಷ್ಟು ಗುಣಾಕಾರ ನನಗೂ ಬರುತ್ತಿತ್ತು.

ಸಂಜೆ ತಮ್ಮ ಗೇಟಿನ ಬಳಿ ಕಾಯುತ್ತಿದ್ದ.

"ಎಲ್ಲಣ್ಣ ಎಡವಿದೆ ನಾನು?"

"ನಂಗೇನು ಗೊತ್ತಲಾ. ಅವೆಲ್ಲ ಸಾಹೇಬ್ರು ಲೆಕ್ಕ."

"ರೇಟೇ ಇರ್ಬೇಕು ಬುಡು. ದುರಾಸೆ ಬಿದ್ದೆ ಕಣಣ್ಣ," ಎಂದು ನಕ್ಕ.

ನಾನು ಗೇಟಿನ ಪುಸ್ತಕ ಮುಚ್ಚಿಟ್ಟೆ. ಆಮೇಲೆ ಅವನು ಎಲ್ಲಿ ಕೆಲಸ ಹಿಡಿದರೂ ಕೈಗೆ ಏನೂ ಗಿಟ್ಟದಷ್ಟು ರೇಟು ಇಳಿಸಿಯೇ ಹಿಡಿದ. ಜೊತೆಗಿದ್ದ ಇಬ್ಬರನ್ನು ಬಿಡಿಸಿ, ಶೀಟನ್ನು ತಾನೇ ಹೊತ್ತು ಏಣಿ ಹತ್ತುತ್ತಿದ್ದ. ನಾನು ನೋಡುತ್ತಿದ್ದೆ. ಇವತ್ತಿಗೂ ಅವನು ತಪ್ಪು ರೇಟಿನದೇ ಎಂದುಕೊಂಡಿದ್ದಾನೆ.