ಮಾವಿನ ವಾಸನೆಯ ಹೊಗೆ ಮತ್ತು ನನ್ನ ಮೊಮ್ಮಗನ ಉಸಿರು

ನನ್ನ ಮೊಮ್ಮಗ ಮುದ್ದೇಬಿಹಾಳದ ಕಾಲೇಜಿನಲ್ಲಿ ಮೈಕ್ ಹಿಡಿದು ಮಾತಾಡಿದ್ದನ್ನು ಬಾಗೇವಾಡಿಯ ನಮ್ಮ ಓಣಿಯಲ್ಲಿ ನಾನು ಹೇಳದೆ ಬಿಟ್ಟ ಮನೆ ಒಂದೂ ಇಲ್ಲ. ಹಾಲು ಹಾಕುವವನಿಗೂ ಹೇಳಿದೆ. ಮರುದಿನ ಮತ್ತೆ ಶುರು ಮಾಡಿದಾಗ ಅವನು ಕ್ಯಾನಿನ ಮುಚ್ಚಳ ಹಾಕಿ ಗಾಡಿ ಹತ್ತಿಬಿಟ್ಟ. ಇನ್ನು ಯಾರಿಗೆ ಹೇಳಲಿ ಎಂದು ಬರೆಯಲು ಕುಳಿತಿದ್ದೇನೆ. ನಾನು ಓದಿದ್ದು ನಾಲ್ಕನೇ ಇಯತ್ತೆ. ಅಕ್ಷರ ದಪ್ಪ, ಸಾಲು ಡೊಂಕು. ಆದರೂ ಖುಷಿ ಒಳಗೆ ಹಿಡಿಸಬೇಕಲ್ಲ!

ಹೋದ ವರ್ಷದ ಎಳ್ಳ ಅಮಾವಾಸ್ಯೆಯಿಂದ ಹೇಳುತ್ತೇನೆ. ನಮ್ಮ ಹೊಲ ಗೊಳಸಂಗಿ ಕಡೆ ಇದೆ. ಅಮಾವಾಸ್ಯೆ ದಿನ ಮನೆ ಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೋಗಿ, ಹೊಲದವ್ವನಿಗೆ ಪೂಜೆ ಮಾಡಿ, ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಲೆ ಕಲಸಿ ಹೊಲದ ಸುತ್ತ ಚೆಲ್ಲುತ್ತೇವೆ. ಅದಕ್ಕೆ ಚರಗ ಎನ್ನುವುದು. ನಮ್ಮಲ್ಲಿ ಚರಗ ಚೆಲ್ಲುವ ಕೆಲಸ ಮೊಮ್ಮಗನದು. ಬುಟ್ಟಿ ಹಿಡಿದು ಕೂಗುತ್ತ ಓಡುತ್ತಿದ್ದರೆ ಆಜೂಬಾಜೂ ಹೊಲದವರು ತಮ್ಮ ಚರಗ ನಿಲ್ಲಿಸಿ ಇವನ ದನಿ ಕೇಳುತ್ತಿದ್ದರು. ಆ ವರ್ಷ ಅವನು ಬದು ಹಿಡಿದು ಒಂದು ಬದಿ ಹೋಗಿ ಕುಳಿತುಬಿಟ್ಟ. ಕೂಗು ಬರಲಿಲ್ಲ, ಕೆಮ್ಮು ಬಂತು. ಬುಟ್ಟಿಯನ್ನು ಅವನ ಅಪ್ಪ ತೆಗೆದುಕೊಂಡ.

ಅವನು ಮುದ್ದೇಬಿಹಾಳದ ಹಾಸ್ಟೆಲಿನಲ್ಲಿ ಇದ್ದು ಓದುವವನು. ಹಬ್ಬಕ್ಕೆ ಬರುವಾಗಲೇ ಮೈ ಬಿಸಿ ಇತ್ತು, ಹೊಟ್ಟೆ ಕೆಟ್ಟಿತ್ತು, ತಿಂದದ್ದು ವಾಂತಿ ಆಗುತ್ತಿತ್ತು. ಹಾಸ್ಟೆಲಿನ ಊಟ ಎಂದೆವು. ಊರಿನ ದವಾಖಾನೆಯಲ್ಲಿ ಟೈಫಾಯಿಡ್ ಇರಬಹುದು ಎಂದು ಗುಳಿಗೆ ಕೊಟ್ಟರು. ಜ್ವರ ಇಳಿಯಲಿಲ್ಲ. ನಾನು ನನ್ನ ಔಷಧಿ ಮಾಡಿದೆ: ಪಾತೇಲಿ ತುಂಬ ನೀರು ಕಾಯಿಸಿ, ಅಜವಾನ ಹಾಕಿ, ಕೌದಿ ಹೊದಿಸಿ ಹಬೆ ಕೊಟ್ಟೆ. ಕೌದಿಯೊಳಗಿಂದ ಕೆಮ್ಮುತ್ತಲೇ ಹೊರಗೆ ಬಂದ. ಎದೆ ನೋಯುತ್ತದೆ ಎಂದ. ಮುಂಜಾನೆ ಬಚ್ಚಲಿಗೆ ನಡೆದು ಬರುವಷ್ಟರಲ್ಲಿ ಗೋಡೆ ಹಿಡಿದು ನಿಂತ. ತುಟಿಯ ಬಣ್ಣ ನೋಡಿ ನನ್ನ ಸೊಸೆ ಗಂಡನನ್ನು ಕೂಗಿ ಗಾಡಿ ತರಿಸಿದಳು. ಸೀದಾ ವಿಜಯಪುರದ ದೊಡ್ಡ ದವಾಖಾನೆಗೆ ಹೋದೆವು.

ಅಲ್ಲಿ ಬೆರಳಿಗೆ ಚಿಮಟದಂಥದ್ದೊಂದು ಸಿಕ್ಕಿಸಿದರು. ರಕ್ತದಲ್ಲಿ ಉಸಿರಿನ ಗಾಳಿ ಎಷ್ಟು ಇದೆ ಎಂದು ಅದು ತೋರಿಸುತ್ತದೆಯಂತೆ. ಕಡಿಮೆ ತೋರಿಸಿತು. ಕೂಡಲೇ ಮೂಗಿಗೆ ಆಕ್ಸಿಜನ್ ಹಚ್ಚಿದರು. ಎಕ್ಸರೇ, ಆಮೇಲೆ ಸ್ಕ್ಯಾನ್. ಎರಡೂ ಕಡೆಯ ಪುಪ್ಪುಸದಲ್ಲಿ ಮಬ್ಬು ಕಂಡಿತು, ಚಳಿಗಾಲದ ಮುಂಜಾನೆ ಬಸ್ಸಿನ ಗಾಜು ಮಂಜು ಹಿಡಿದಂತೆ. ರಕ್ತ, ಕಫ, ಮೂಗಿನ ದ್ರವ ಎಲ್ಲ ಪರೀಕ್ಷೆಗೆ ಹೋಯಿತು. ಟಿಬಿ ಅಲ್ಲ, ಫ್ಲೂ ಅಲ್ಲ, ಕೊರೊನಾ ಅಲ್ಲ. ರೋಗದ ಹುಳ ಯಾವುದೂ ಸಿಗಲಿಲ್ಲ. ನ್ಯುಮೋನಿಯಾದ ಔಷಧಿ ನಡೆದೇ ಇತ್ತು, ಹುಡುಗನ ಉಸಿರು ಮಾತ್ರ ದಾರಿಗೆ ಬರಲಿಲ್ಲ. ಹೀಗೇ ಹೋದರೆ ಉಸಿರಾಟದ ಮಷೀನ್ ಹಚ್ಚಬೇಕಾಗಬಹುದು ಎಂದು ಡಾಕ್ಟರ್ ನನ್ನ ಮಗನನ್ನು ಬದಿಗೆ ಕರೆದು ಹೇಳಿದರು.

ನಮ್ಮ ಮಂದಿಯ ರೀತಿ ನಿಮಗೆ ಗೊತ್ತೇ ಇದೆ. ಯಾರಾದರೂ ದವಾಖಾನೆಯಲ್ಲಿ ಮಲಗಿದಾಗ ನೋಡಲು ಬರದಿದ್ದರೆ ಜೀವಮಾನವಿಡೀ ಮಾತು. ಇಂಡಿಯಿಂದ ನನ್ನ ಮಗಳು ಚೀಲ ತುಂಬ ಲಿಂಬೆಹಣ್ಣು ಹೊತ್ತು ಬಂದಳು. ಸಿಂದಗಿಯಿಂದ ನನ್ನ ತಮ್ಮ ಬಂದ. ಬೀಗರು ಬಂದರು, ಬೀಗರ ಬಾಜೂ ಮನೆಯವರೂ ಬಂದರು. ಮಂಚದ ಸುತ್ತ ಜಾತ್ರೆ. ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಮಂದಿಯ ನಡುವೆ ಭುಜ ತೂರಿಸಿಕೊಂಡು ಬಂದು, ಬೀಡಿ, ಸಿಗರೇಟು, ಮತ್ತೆ ಬೇರೆ ಏನಾದರೂ ಸೇದುವ ಚಟ ಇದೆಯೇ ಎಂದು ಹುಡುಗನನ್ನು ಕೇಳಿದರು. ಅವನು ಬಾಯಿ ತೆಗೆಯುವುದರೊಳಗೆ ನನ್ನ ತಮ್ಮ ಉತ್ತರ ಕೊಟ್ಟ.

"ನಮ್ಮ ಮನಿತನದಾಗ ಅಂಥಾದ್ದು ಇಲ್ರಿ ಬಾಯಾರ. ಅಡಕಿ ಸೈತ ತಿನ್ನೂದಿಲ್ಲ."

ಹೀಗೆ ಹೇಳುವಾಗ ಅವನ ದವಡೆಯಲ್ಲೇ ಅಡಿಕೆ ಇತ್ತು. ಎಲ್ಲರೂ ಹೌದು ಹೌದು ಎಂದು ಗೋಣು ಹಾಕಿದರು. ಹುಡುಗ ಕಣ್ಣು ಮುಚ್ಚಿಕೊಂಡ. ಇಷ್ಟು ಮಂದಿ ಹಿರಿಯರು ಸೇರಿ ಒಳ್ಳೆಯವನು ಎಂದು ಠರಾವು ಮಾಡಿದ ಮೇಲೆ ಅವನಾದರೂ ಏನು ಹೇಳಿಯಾನು?

ಎಲ್ಲರೂ ಸ್ವಲ್ಪ ಹೊರಗೆ ಹೋಗಬೇಕು ಎಂದು ಡಾಕ್ಟರು ಹೇಳಿದರು. ಯಾರೂ ಕದಲಲಿಲ್ಲ. ಆ ಮಾತು ತಮ್ಮನ್ನು ಬಿಟ್ಟು ಉಳಿದವರಿಗೆ ಎಂದೇ ಒಬ್ಬೊಬ್ಬರೂ ತಿಳಿದರು. ನಾನೂ ಹಾಗೇ ತಿಳಿದಿದ್ದೆ. ಆದರೆ ಹುಡುಗ ಕಣ್ಣು ತೆರೆದು ನನ್ನನ್ನೇ ನೋಡಿದ. ಸಣ್ಣವನಿದ್ದಾಗ ಸಾಲೆಯಲ್ಲಿ ಚಡ್ಡಿ ಒದ್ದೆ ಮಾಡಿಕೊಂಡು ಬಂದಾಗ ನೋಡುತ್ತಿದ್ದನಲ್ಲ, ಅದೇ ನೋಟ. ನಾನು ಎದ್ದು, ನನಗೆ ಚಹಾ ಬೇಕು, ಎಲ್ಲರೂ ನಡೀರಿ ಎಂದೆ. ನನಗೊಬ್ಬಳಿಗೆ ಚಹಾ ಕುಡಿಸಲು ಹನ್ನೆರಡು ಮಂದಿ ಯಾಕೆ ಎಂದು ತಮ್ಮ ಕೇಳಿದ. ದುಡ್ಡು ನೀ ಕೊಡು, ಉಳಿದವರು ಸಾಕ್ಷಿಗೆ ಇರಲಿ ಎಂದೆ. ನಗುತ್ತ ಹೊರಬಿದ್ದರು. ನಾನೂ ಬಾಗಿಲು ದಾಟುವಾಗ ಹಿಂದಿನಿಂದ ದನಿ ಬಂತು.

"ಆಯಿ, ನೀ ಇರು."

ಇದ್ದೆ. ಆಗ ಅವನು ಅಷ್ಟಷ್ಟೇ ಉಸಿರು ಹಿಡಿದು ಹೇಳಿದ. ಸಿಗರೇಟು ಅಲ್ಲ, ವೇಪ್. ಪೆನ್ನಿನಂಥದ್ದು, ಚಾರ್ಜ್ ಮಾಡಿ ಎಳೆಯುವುದು. ಹಾಸ್ಟೆಲಿನಲ್ಲಿ ಒಬ್ಬ ತಂದಿದ್ದ. ಮೊದಲು ಆಗೊಮ್ಮೆ ಈಗೊಮ್ಮೆ, ಆಮೇಲೆ ಎದ್ದ ಕೂಡಲೇ ಬೇಕಾಗುತ್ತಿತ್ತು. ಮಾವಿನ ಹಣ್ಣಿನ ವಾಸನೆಯದು.

ನನಗೆ ಥಟ್ಟನೆ ನೆನಪಾಯಿತು. ಹಬ್ಬಕ್ಕೆ ಬಂದಾಗ ಅವನ ಅಂಗಿಯಿಂದ ಮಾವಿನ ವಾಸನೆ ಬರುತ್ತಿತ್ತು. ಚಳಿಗಾಲದಲ್ಲಿ ಮಾವು ಎಲ್ಲಿಯದು? ಹೊಸ ನಮೂನೆಯ ಸೆಂಟು ಇರಬೇಕು ಎಂದು ನಾನೇ ಹೊಗಳಿದ್ದೆ.

"ಬರೇ ಹಬಿ ಅಂತ ತಿಳದಿದ್ನಿರಿ," ಎಂದ. "ಆಯಿ ಅಜವಾನ ಹಾಕಿ ಕೊಡ್ತಾಳಲ್ಲ, ಹಂಗ."

ಡಾಕ್ಟರು ಬೈಯಲಿಲ್ಲ. ಸ್ಟೂಲ್ ಎಳೆದುಕೊಂಡು ಕುಳಿತರು. "ಹೇಳಿದ್ದು ಭಾಳ ಚಲೋ ಆತು ತಮ್ಮಾ. ಇಷ್ಟು ದಿನಾ ನಾವು ಕತ್ತಲದಾಗ ಹುಡುಕಾಕತ್ತಿದ್ವಿ." ಯಾವ ದ್ರವ, ಕೊನೆಗೆ ಎಳೆದದ್ದು ಯಾವಾಗ, ಗಾಂಜಾ ಎಣ್ಣೆ ಏನಾದರೂ ಬೆರೆಸಿದ್ದರೇ ಎಂದೆಲ್ಲ ಕೇಳಿ ಬರೆದುಕೊಂಡರು. ಇದು ವೇಪಿನಿಂದ ಪುಪ್ಪುಸಕ್ಕೆ ಆದ ಗಾಯ ಇದ್ದಂತಿದೆ ಎಂದರು. ಇದಕ್ಕೆಂದೇ ಒಂದು ಪರೀಕ್ಷೆ ಇಲ್ಲವಂತೆ. ಉಳಿದ ರೋಗಗಳು ಅಲ್ಲ ಎಂದು ಮೊದಲು ನೋಡಬೇಕು, ಸ್ಕ್ಯಾನಿನಲ್ಲಿ ಮಬ್ಬು ಇರಬೇಕು, ಇತ್ತೀಚಿನ ತಿಂಗಳುಗಳಲ್ಲಿ ವೇಪ್ ಎಳೆದದ್ದು ಗೊತ್ತಿರಬೇಕು. ಆ ಕೊನೆಯದನ್ನು ಯಾವ ಮಷೀನೂ ಹೇಳುವುದಿಲ್ಲ, ಹುಡುಗನೇ ಹೇಳಬೇಕು.

ಅವತ್ತೇ ಸ್ಟಿರಾಯ್ಡ್ ಔಷಧಿ ಶುರು ಮಾಡಿದರು. ಆಕ್ಸಿಜನ್ ಮುಂದುವರಿಸಿದರು. ಮಷೀನಿನವರೆಗೆ ಹೋಗಲಿಲ್ಲ. ಕೆಲವು ದಿನಗಳಲ್ಲಿ ಜ್ವರ ಬಿಟ್ಟಿತು, ಬೆರಳಿನ ಚಿಮಟದ ಅಂಕಿ ಮೇಲೆ ಬಂತು. ಒಂದು ಮುಂಜಾನೆ ಹಸಿವೆ ಎಂದ. ರೊಟ್ಟಿ ಮುರಿದು ಕೊಟ್ಟೆ. ಮೂರನೇ ರೊಟ್ಟಿ ಕೇಳಿದಾಗ ಬುತ್ತಿಯ ಗಂಟನ್ನೇ ಅವನ ಮುಂದೆ ಇಟ್ಟೆ.

ಮನೆಗೆ ಬಂದ ಮೇಲೆ ಒಂದಿಷ್ಟು ದಿನ ಅವನ ಸಿಟ್ಟು ನೋಡುವಂತಿರಲಿಲ್ಲ. ನಿದ್ದೆ ಇಲ್ಲ, ಕೂತಲ್ಲಿ ಕೂಡುವುದಿಲ್ಲ. ಅದು ನಿಕೋಟಿನ್ ಬಿಡಿಸುವಾಗಿನ ತ್ರಾಸು, ಮತ್ತೆ ಎಳೆದರೆ ಗಾಯ ಮರಳಿ ಬರಬಹುದು, ಆಸೆಯಾದಾಗ ಬಂದು ಮಾತಾಡಲಿ ಎಂದು ಡಾಕ್ಟರು ಹೇಳಿದ್ದರು. ಆಸೆಯಾದಾಗ ಅವನು ನನ್ನ ಹತ್ತಿರ ಬಂದು ಶೇಂಗಾ ಸುಲಿಯುತ್ತಿದ್ದ. ಆ ವರ್ಷ ನಮ್ಮ ಮನೆಯಲ್ಲಿ ಶೇಂಗಾ ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ಬರಗಾಲ ಬರಲಿಲ್ಲ.

ಮುಂದೆ ಕಾಲೇಜಿನವರು ಹುಡುಗರಿಗೆ ತಿಳಿಸಿ ಹೇಳುವ ಒಂದು ಕಾರ್ಯಕ್ರಮ ಇಟ್ಟರು. ವಿಜಯಪುರದ ಅದೇ ಡಾಕ್ಟರು ಬರುತ್ತಾರೆ, ನೀನೂ ಮಾತಾಡುತ್ತೀಯಾ ಎಂದು ಇವನನ್ನು ಕೇಳಿದರು. ಒಪ್ಪಿಕೊಂಡು ಬಂದು ನನ್ನ ಹತ್ತಿರ ಎರಡು ಸ್ಟೀಲ್ ತಾಟು ಕೇಳಿದ. ಒಂದನ್ನು ಕುದಿಯುವ ನೀರಿನ ಮೇಲೆ ಹಿಡಿದ. ಇನ್ನೊಂದನ್ನು ನಾನು ಮೆಣಸಿನಕಾಯಿ ಭಜಿ ಕರಿಯುವಾಗ ಎಣ್ಣೆಯ ಹೊಗೆಗೆ ಹಿಡಿದ. ಭಜಿ ಮುಗಿಯುವತನಕ ಹಿಡಿದೇ ನಿಂತ, ನಡುನಡುವೆ ತಿನ್ನುತ್ತ.

ಕಾಲೇಜಿನ ಹಾಲಿನಲ್ಲಿ ನನ್ನನ್ನು ಮುಂದಿನ ಸಾಲಿನಲ್ಲಿ ಕೂಡಿಸಿದರು. ಡಾಕ್ಟರು ಮೊದಲು ಮಾತಾಡಿದರು. ಆಮೇಲೆ ಇವನು ಎರಡೂ ತಾಟು ಹುಡುಗರ ಕೈಗೆ ಕೊಟ್ಟು, ಬೆರಳು ಆಡಿಸಿ ನೋಡಿ ಎಂದ. ನೀರಿನ ತಾಟು ಆರಿ ಒಣಗಿತ್ತು. ಇನ್ನೊಂದು ಜಿಗಿಜಿಗಿ.

"ಹಬಿ ಅಂತಾರಲ್ಲ, ಅದು ಹಬಿ ಅಲ್ಲ," ಎಂದ. "ವೇಪಿನಾಗ ಇರೂದು ಅಡಗಿ ಎಣ್ಣಿ ಅಲ್ಲ ಖರೆ, ಆದ್ರ ನೀರೂ ಅಲ್ಲ. ಗ್ಲಿಸರಿನ್, ನಿಕೋಟಿನ್, ವಾಸನಿ ಕೆಮಿಕಲ್ ಎಲ್ಲಾ ಕೂಡಿಸಿ ತಂತಿಲೆ ಕಾಸ್ತಾರ. ಕಣ್ಣಿಗೆ ಕಾಣದಷ್ಟು ಸಣ್ಣ ಹನಿ ಆಗಿ ಪುಪ್ಪುಸದ ತಳಕ್ಕ ಹೋಗತೈತಿ. ಜತಿಗೆ ತಂತಿಯ ಲೋಹದ ಕಣನೂ. ತಾಟು ತಿಕ್ಕಬಹುದು. ಪುಪ್ಪುಸಕ್ಕ ಯಾವ ಸಬಕಾರ ಹಾಕ್ತೀರಿ?"

ಹುಡುಗರು ನಕ್ಕರು. ಒಬ್ಬ ಎದ್ದು, ವಾಸನೆಯ ಕೆಮಿಕಲ್ ಮಿಠಾಯಿಯಲ್ಲೂ ಇರುತ್ತದಲ್ಲ ಎಂದ. ಹೊಟ್ಟೆಗೆ ನಡೆಯುವುದೆಲ್ಲ ಪುಪ್ಪುಸಕ್ಕೆ ನಡೆಯುವುದಿಲ್ಲ ಎಂದು ಡಾಕ್ಟರು ಹೇಳಿದರು. ನಿಕೋಟಿನ್ ಇಲ್ಲ ಎಂದು ಬರೆದದ್ದು ಎಳೆಯಬಹುದೇ ಎಂದು ಇನ್ನೊಬ್ಬಳು ಕೇಳಿದಳು. ನಮ್ಮ ದೇಶದಲ್ಲಿ ಇದನ್ನು ಮಾರುವುದೇ ಬಂದ್ ಆಗಿದೆ, ಕದ್ದು ಬಂದ ಮಾಲಿನ ಮೇಲೆ ಬರೆದದ್ದನ್ನು ನಂಬಿ ಉಸಿರು ಎಳೆಯುತ್ತೀಯಾ ಎಂದು ಇವನೇ ತಿರುಗಿ ಕೇಳಿದ. ಗಾಂಜಾ ಎಣ್ಣೆಯ ವೇಪಿನಲ್ಲಿ ಬೆರೆಸುವ ವಿಟಮಿನ್ ಇ ತರಹದ ಒಂದು ಎಣ್ಣೆಯಿಂದ ಹೆಚ್ಚು ಮಂದಿಗೆ ಹೀಗಾಗಿದೆ, ಆದರೆ ಬರೇ ನಿಕೋಟಿನ್ ಎಳೆದವರಿಗೂ ಆಗಿದೆ ಎಂದು ಡಾಕ್ಟರು ಕೂಡಿಸಿದರು. ಸಿಗರೇಟಿಗಿಂತ ಕಡಿಮೆ ಕೆಟ್ಟದ್ದಲ್ಲವೇ ಎಂಬ ಪ್ರಶ್ನೆಯೂ ಬಂತು. ಕಡಿಮೆ ಎಂದರೂ ಏನೂ ಆಗುವುದಿಲ್ಲ ಎಂದಲ್ಲ, ಮೊದಲೇ ಸೇದದವರಿಗೆ ಅದರಲ್ಲಿ ಯಾವ ಲಾಭವೂ ಇಲ್ಲ ಎಂದರು.

ಹಿಂದಿನ ಸಾಲಿನಿಂದ ಇವನ ಹಾಸ್ಟೆಲಿನ ಗೆಳೆಯ ಎದ್ದ. ಅವನ ದನಿ ಸಣ್ಣದಿತ್ತು.

"ನಾವಿಬ್ರೂ ಒಂದ ಪೆನ್ ಎಳದೇವಿ. ನನಗ ಏನೂ ಆಗಿಲ್ಲ, ನಿನಗಷ್ಟ ಯಾಕ?"

"ಗೊತ್ತಿಲ್ಲಪಾ," ಎಂದ ನನ್ನ ಮೊಮ್ಮಗ. "ಡಾಕ್ಟರಿಗೂ ಗೊತ್ತಿಲ್ಲ. ಯಾರಿಗೆ ಆಗತೈತಿ ಅಂತ ಮೊದಲ ಹೇಳಾಕ ಬರೂದಿಲ್ಲ. ಕೆಮ್ಮು, ದಮ್ಮು, ಎದಿ ನೋವು, ಜ್ವರ, ವಾಂತಿ, ಯಾವುದು ಬಂದ್ರೂ ದವಾಖಾನಿಗೆ ಹೋಗು, ವೇಪ್ ಎಳದೇನಿ ಅಂತ ಮೊದಲ ಹೇಳು. ಹಿರ್ಯಾರು ಉತ್ತರ ಕೊಡೂದರಾಗ ಹೇಳು."

ನನ್ನ ತಮ್ಮ ಅಲ್ಲಿ ಇರಲಿಲ್ಲ, ಪುಣ್ಯ. ಕಾರ್ಯಕ್ರಮ ಮುಗಿದ ಮೇಲೆ ಆ ಗೆಳೆಯ ಡಾಕ್ಟರ ಹತ್ತಿರ ಹೋಗಿ ನಿಂತದ್ದನ್ನು ನೋಡಿದೆ. ತನಗೂ ರಾತ್ರಿ ಕೆಮ್ಮು ಬರುತ್ತದೆ ಎನ್ನುತ್ತಿದ್ದ. ಡಾಕ್ಟರು ಅವನ ಬೆರಳಿಗೆ ಚಿಮಟ ಹಾಕಿ ನೋಡಿ, ನಾಳೆ ಎಕ್ಸರೇಗೆ ಬಾ ಎಂದರು. ಎಕ್ಸರೇ ಚೊಕ್ಕ ಬಂದಿತಂತೆ. ಅವನೂ ಬಿಟ್ಟಿದ್ದಾನೆ. ರಜೆಯಲ್ಲಿ ನಮ್ಮಲ್ಲಿಗೆ ಬಂದು ಶೇಂಗಾ ಸುಲಿದು ಹೋದ.

ಈ ವರ್ಷದ ಎಳ್ಳ ಅಮಾವಾಸ್ಯೆ ಬಂತು. ತಪಾಸಣೆಯಲ್ಲಿ ಪುಪ್ಪುಸದ ಮಬ್ಬು ಹೋಗಿದೆ ಎಂದಿದ್ದರು. ಆದರೂ ಬುಟ್ಟಿ ಕೈಗೆ ಕೊಡುವಾಗ ಅವನ ಅಪ್ಪ ತಡೆದ. ಸ್ವಲ್ಪ ಹೋಗು, ಸಾಕಾದರೆ ನನಗೆ ಕೊಡು ಎಂದ. ಹುಡುಗ ಬುಟ್ಟಿ ಎತ್ತಿಕೊಂಡು ಬದು ಹಿಡಿದ. ಹೋದ ವರ್ಷ ಕುಳಿತ ಜಾಗಕ್ಕೆ ಬಂದಾಗ ನಮ್ಮ ಮಂದಿಯೆಲ್ಲ ಬುತ್ತಿ ಬಿಟ್ಟು ಎದ್ದರು. ಅವನು ಅಲ್ಲಿ ನಿಂತ, ನಮ್ಮ ಕಡೆ ತಿರುಗಿ ನೋಡಿದ. ಆಮೇಲೆ ಒಂದು ಕೂಗು ಹಾಕಿದನಲ್ಲ, ಜೋಳದ ಮೇಲೆ ಕೂತ ಹಕ್ಕಿಗಳೆಲ್ಲ ಎದ್ದವು. ಬಾಜೂ ಹೊಲದವರು ತಿರುಗಿ ಕೂಗಿದರು. ಅವನು ಓಡುತ್ತ ಹೋದ, ಹೊಲ ಪೂರಾ ಸುತ್ತಿ ಬಂದ, ಖಾಲಿ ಬುಟ್ಟಿ ನನ್ನ ಮುಂದೆ ಇಟ್ಟ.

ನಾನು ಅವನ ಎದೆಯ ಮೇಲೆ ಕೈ ಇಟ್ಟು ನೋಡಿದೆ. ಮೇಲೆ ಕೆಳಗೆ ಆಡುತ್ತಿತ್ತು. ಕೆಮ್ಮು ಬರಲಿಲ್ಲ.

"ಆಯಿ, ಹಸದೈತಿ," ಎಂದ.