ತಾಳ ಹಾಕಿ ಹೇಳಿದ ವರದಿ

ರಾರಾವಿ ಊರಿನ ಹೇಮಾಳಿಗೆ ಚಿಕ್ಕಂದಿನಿಂದ ತೊದಲು. ಹಾಜರಿಗೆ ಓಗೊಡುವಷ್ಟರಲ್ಲಿ ಮೇಷ್ಟ್ರು ಮುಂದಿನ ಹೆಸರು ಕೂಗಿಬಿಡುತ್ತಿದ್ದರು. ನಗುವವರಿಗೆ ಹೆದರಿ ಮೂಲೆ ಸೇರುವವಳಲ್ಲ ಅವಳು. ಭಜನೆಯಲ್ಲಿ ಹಾಡುವಾಗ ನಾಲಿಗೆ ಎಲ್ಲೂ ತಡೆಯುವುದಿಲ್ಲವೆಂದು ತಾನೇ ಕಂಡುಕೊಂಡಳು. ಅಂದಿನಿಂದ ನಾಲ್ಕು ಜನರ ಮುಂದೆ ಹೇಳಬೇಕಾದ್ದನ್ನೆಲ್ಲ ಬಾಯಿಪಾಠ ಮಾಡಿ, ತೊಡೆಯ ಮೇಲೆ ಬೆರಳಲ್ಲಿ ತಾಳ ಹಾಕುತ್ತ ಒಪ್ಪಿಸುತ್ತಾಳೆ.

ಬಳ್ಳಾರಿಯ ಕಾಲೇಜಿನಲ್ಲಿ ಸಮಾಜಕಾರ್ಯದ ಎಂ.ಎಸ್.ಡಬ್ಲ್ಯು. ಮೌಖಿಕ ಪರೀಕ್ಷೆಗೂ ಹಾಗೇ ಬಾಯಿಪಾಠ ಮಾಡಿ ಬಂದಳು. ಪಾಸಾದರೆ ಸಿರುಗುಪ್ಪದ ಸಂಸ್ಥೆಯೊಂದರಲ್ಲಿ ಕೆಲಸ ಕಾದಿತ್ತು. ಭತ್ತದ ನಾಟಿ ಮಾಡುವ ಹೆಂಗಸರ ಕೂಲಿಯ ಮೇಲೆ ಅವಳ ಅಧ್ಯಯನ. ಹೊರಗಿನಿಂದ ಬಂದ ಪರೀಕ್ಷಕ ಜಂಬುನಾಥರಿಗೆ ಆಗಲೇ ಪಿತ್ತ ನೆತ್ತಿಗೇರಿತ್ತು. ಅವಳಿಗಿಂತ ಮೊದಲು ಒಳಗೆ ಹೋದ ಹುಡುಗ ಸಮ್ರಾಟ್, ಎಐ ಬರೆದುಕೊಟ್ಟದ್ದನ್ನು ಲ್ಯಾಪ್‌ಟಾಪಿನಲ್ಲಿ ನೋಡಿ ಓದಿ, ಸ್ವಂತ ಮಾತಿನಲ್ಲಿ ಹೇಳೆಂದರೆ ಬಾಯಿ ಬಿಟ್ಟು ಕೂತಿದ್ದ.

ಹೇಮಾಳದು ಒಂದೇ ಸಮನಾದ ದನಿ, ಗೋಡೆಯ ಮೇಲೆ ನೆಟ್ಟ ಕಣ್ಣು. ಜಂಬುನಾಥರು ಬೇಕೆಂದೇ ನಡುವೆ ತಡೆದರು. ಅವಳು ವಾಕ್ಯದ ಮೊದಲಿಗೇ ಹೋಗಿ ಮತ್ತೆ ಶುರು ಮಾಡಿದಳು.

"ಸಾಕು. ಇದೂ ಎಐ ಬರೆದದ್ದ. ಕಂಠಪಾಠ ಮಾಡಿ ಬಂದೀಯವ್ವ. ಪಾಸ್ ಮಾಡಾಕ ಆಗಂಗಿಲ್ಲ."

ಗೈಡ್ ಅರುಣಾ ಮೇಡಂ ಬಾಯಿ ತೆರೆಯುವ ಮೊದಲೇ ಹೇಮಾ ತಾಳದ ಕೈ ಮೇಜಿನ ಮೇಲಿಟ್ಟಳು.

"ಕ-ಕಂಠಪಾಠ ಹೌದ್ರಿ ಸರ್. ಬರೆದಾಕಿ ನಾನ. ವ-ವರದಿಯಾಗ ಇರಲಾರದ್ದು ಕೇಳ್ರಿ."

ಅವರು ಪುಟ ತಿರುವಿದರು. "ಮೊದಲ್ನೇ ಊರಾಗ ಎಲ್ಲಾರನ್ನೂ ಗುಂಪಿನಾಗ ಕೇಳೀದಿ. ಮುಂದಿನ ಊರಾಗ ಒಬ್ಬೊಬ್ಬರನ್ನ. ಯಾಕ?"

"ಗು-ಗುಂಪಿನ ಮುಂದ ಹೆಂಗಸರನ್ನ ಕೂಲಿಗೆ ಕರಕೊಂಡು ಬರೋ ಮೇಸ್ತ್ರಿ ನಿಂತಿದ್ದಳ್ರಿ. ಎಲ್ಲಾರೂ ಅಕಿ ಮುಖ ನೋಡಿ ಒಂದ ಕೂಲಿ ಹೇಳಿದ್ರು."

"ಮಾತಾಡಾಕ ಒಲ್ಲೆ ಅಂದೋರು ಯಾರು?"

"ಚ-ಚನ್ನವೀರಮ್ಮ. ಬದುವಿನ ಮ್ಯಾಲ ನಿಂತು ಕೇಳಬ್ಯಾಡ, ಕೆಸರಿಗಿಳಿ ಅಂದ್ಳು. ಇ-ಇಳಿದೆ. ನಾ ಹಚ್ಚಿದ ಸಸಿ ಎಲ್ಲಾ ಕಿತ್ತು, ಬೈದು, ತಾನ ಹಚ್ಚಿದ್ಳು. ಆಮ್ಯಾಲ ಮಾತಾಡಿದ್ಳು."

ಜಂಬುನಾಥರು ಬಿಡಲಿಲ್ಲ. "ಮೇಸ್ತ್ರಿ ಇಲ್ದಿದ್ರ ಅವರಿಗೆ ಕೂಲಿ ಜಾಸ್ತಿ ಸಿಗ್ತಿತ್ತೇನು?"

"ಗ-ಗೊತ್ತಿಲ್ರಿ. ಅಂಥಾ ಗುಂಪು ನಾ ನೋಡಿಲ್ಲ."

ಬೆಳಿಗ್ಗೆಯಿಂದ ಆ ಕೋಣೆಯಲ್ಲಿ ಯಾರೂ ಗೊತ್ತಿಲ್ಲ ಎಂದಿರಲಿಲ್ಲ. ಜಂಬುನಾಥರು ಕನ್ನಡಕ ತೆಗೆದು ಒರೆಸಿದರು.

"ಮೊದ್ಲ ಹಿಂಗ ಮಾತಾಡಿದ್ರ ನನಗ ಅನುಮಾನಾನ ಬರ್ತಿರಲಿಲ್ಲವ್ವ."

ಹೇಮಾ ಎದ್ದು ನಿಂತಳು. "ಮ-ಮೊದ್ಲ ಹಿಂಗ ಮಾತಾಡಿದ್ರ ನೀವು ಕೊನೀತನ ಕೇಳ್ತಿದ್ರೇನ್ರಿ, ಸರ್?"

ಅವರು ಉತ್ತರಕ್ಕೆ ತಡವರಿಸಿದರು. ಹೇಮಾ ಕಾದಳು, ಮಾತು ಬರುವವರೆಗೆ ಕಾಯುವುದು ಅವಳಿಗೆ ಹೊಸದಲ್ಲ.

"ಇಲ್ಲ," ಎಂದರು ಕೊನೆಗೆ, ಅಂಕಪಟ್ಟಿ ಹತ್ತಿರಕ್ಕೆ ಎಳೆದುಕೊಳ್ಳುತ್ತ. "ಕೂಡು. ಚನ್ನವೀರಮ್ಮ ಏನಂದ್ಳು, ಪೂರಾ ಹೇಳು. ಕೇಳ್ತೀನಿ."